ಅಂಬ್ರೆಲಾ ಸ್ಕರ್ಟ್ ಕಟಿಂಗ್: ಸೊಂಟದ ರೇಡಿಯಸ್ ಮತ್ತು ಜೋತು ಬೀಳುವ ಬಾಟಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕಗಳೆಲ್ಲ ಒಂದೇ ಸ್ಕರ್ಟಿನವು. ಸೊಂಟ 28 ಇಂಚು, ಹಿಪ್ 38, ಬೆಲ್ಟಿನ ಕೆಳಗೆ ಉದ್ದ 26, ಬಟ್ಟೆ 44 ಪನ್ನಾದ ರೇಯಾನ್. ನಿಮ್ಮ ಅಳತೆ ಬೇರೆ ಇದ್ದರೆ ಸಂಖ್ಯೆ ಬದಲಿಸಿಕೊಳ್ಳಿ, ದಾರಿ ಅದೇ.

ಸೊಂಟದ ರೇಡಿಯಸ್ ಹೇಗೆ ತೆಗೆಯೋದು?

ಫುಲ್ ಅಂಬ್ರೆಲಾ ಅಂದರೆ ಪೂರ್ತಿ ವೃತ್ತ. ಅದರ ನಡುವಿನ ತೂತಿನ ಸುತ್ತಳತೆ ನಿಮ್ಮ ಸೊಂಟದಷ್ಟಿರಬೇಕು, ಅಷ್ಟೇ. ಶಾಲೆಯಲ್ಲಿ ಕಲಿತದ್ದನ್ನೇ ತಿರುಗಿಸಿ ಹಾಕಿದರೆ ಆಯ್ತು:

```
ಫುಲ್ ಸರ್ಕಲ್ ರೇಡಿಯಸ್ = ಸೊಂಟ ÷ 6.28
ಹಾಫ್ ಸರ್ಕಲ್ ರೇಡಿಯಸ್ = ಸೊಂಟ ÷ 3.14
ಕ್ವಾರ್ಟರ್ ಸರ್ಕಲ್ ರೇಡಿಯಸ್ = ಸೊಂಟ ÷ 1.57
```

ನಮ್ಮ 28ಕ್ಕೆ ಫುಲ್ ಸರ್ಕಲ್‌ನಲ್ಲಿ 4.46 ಇಂಚು ಬರುತ್ತದೆ, ಅಂದರೆ ನಾಲ್ಕೂವರೆಗಿಂತ ಒಂದು ಕೂದಲೆಳೆ ಕಡಿಮೆ. ಹಾಫ್‌ನಲ್ಲಿ 8.9, ಕ್ವಾರ್ಟರ್‌ನಲ್ಲಿ 17.8. ವೃತ್ತದ ಭಾಗ ಚಿಕ್ಕದಾದಷ್ಟೂ ರೇಡಿಯಸ್ ದೊಡ್ಡದಾಗುತ್ತದೆ. ಇದು ಮೊದಲಿಗೆ ತಲೆಕೆಳಗು ಅನಿಸಬಹುದು. ಆದರೆ ಅದೇ 28 ಇಂಚನ್ನು ಕಾಲು ಭಾಗದ ಕಮಾನಿನಲ್ಲೇ ಹಿಡಿಸಬೇಕಲ್ವಾ, ಆ ಕಮಾನು ದೂರ ಹೋಗಲೇಬೇಕು.

ಸೊಂಟ ಅಳೆಯುವಾಗ ಟೇಪಿನ ಒಳಗೆ ಒಂದು ಬೆರಳು ಇಟ್ಟು ಅಳೆಯಿರಿ. ಆಮೇಲೆ ಲೂಸ್ ಅಂತ ಬೇರೆ ಸೇರಿಸಬೇಡಿ.

ಹೊಲಿಗೆ ಮಾರ್ಜಿನ್ ಸೇರಿಸಬೇಕಾ, ಕಳೆಯಬೇಕಾ?

ಸೊಂಟದ ಹತ್ತಿರ ಕಳೆಯಬೇಕು. ಜಾಸ್ತಿ ಬಟ್ಟೆ ಹಾಳಾಗುವುದು ಇಲ್ಲೇ. ಬೇರೆ ಎಲ್ಲ ಕಡೆ ಮಾರ್ಜಿನ್ ಅಂದರೆ ಗೆರೆಯಿಂದ ಹೊರಗೆ ಬಿಡುವುದು, ಆದರೆ ಇಲ್ಲಿ ಬಟ್ಟೆ ಇರುವುದು ತೂತಿನ ಸುತ್ತ. ಮಾರ್ಜಿನ್ ಉಳಿಯಬೇಕು ಅಂದರೆ ತೂತು ಚಿಕ್ಕದಾಗಬೇಕು.

ನಮ್ಮ ಸ್ಕರ್ಟಿನಲ್ಲಿ ಹೊಲಿಗೆ ಬೀಳುವ ಗೆರೆ 4.46ರಲ್ಲಿದೆ. ಅರ್ಧ ಇಂಚು ಮಾರ್ಜಿನ್ ಅಂದರೆ ಕತ್ತರಿ ಹೋಗುವ ಗೆರೆ 3.96ರಲ್ಲಿ, ನಾಲ್ಕು ಅಂತಲೇ ಇಟ್ಟುಕೊಳ್ಳಿ. ಚಾಕಿನಲ್ಲಿ ಎರಡೂ ಗೆರೆ ಎಳೆದು, ಒಳಗಿನದರಲ್ಲಿ ಕತ್ತರಿಸಿ. ಕತ್ತರಿಸಿದ ತೂತು ಸುಮಾರು 25 ಇಂಚೇ ಇರುತ್ತದೆ, ನೋಡಿ ಗಾಬರಿಯಾಗಬೇಡಿ. ಮಾರ್ಜಿನ್ನಿಗೆ ಅಲ್ಲಲ್ಲಿ ಕಾಲು ಇಂಚಿನ ಕಚ್ಚು ಕೊಟ್ಟು ಬೆಲ್ಟಿಗೆ ಕೂರಿಸಿದಾಗ ಅದು 28ಕ್ಕೆ ಬಿಚ್ಚಿಕೊಳ್ಳುತ್ತದೆ.

4.46ರಲ್ಲೇ ಕತ್ತರಿಸಿ ಆಮೇಲೆ ಅರ್ಧ ಇಂಚು ಕೆಳಗೆ ಹೊಲಿದರೆ ಏನಾಗುತ್ತೆ? ಹೊಲಿಗೆ 4.96ರಲ್ಲಿ ಬಿತ್ತು, ಸೊಂಟ 31 ಇಂಚಾಯ್ತು. ಮೂರು ಇಂಚು ಲೂಸ್, ಡಾರ್ಟ್ ಹಿಡಿದು ಮುಚ್ಚಬೇಕಾದ ಪರಿಸ್ಥಿತಿ.

ಸೈಡ್ ಹೊಲಿಗೆಯ ಮಾರ್ಜಿನ್?

ಅದು ಬೇರೆ ವಿಷಯ, ಅದನ್ನು ಸೇರಿಸಬೇಕು. ಎರಡು ಅರ್ಧ ವೃತ್ತ ಸೇರಿಸಿ ಫುಲ್ ಸರ್ಕಲ್ ಮಾಡುವಾಗ ಪ್ರತಿ ತುಂಡಿನ ನೇರ ಬದಿಯ ಹೊರಗೆ, ಅದಕ್ಕೆ ಸಮಾನಾಂತರವಾಗಿ ಅರ್ಧ ಇಂಚು ಬಿಡಿ. ವೃತ್ತದ ಕೇಂದ್ರ ಬಟ್ಟೆಯ ಅಂಚಿನಲ್ಲಿ ಅಲ್ಲ, ಅರ್ಧ ಇಂಚು ಒಳಗೆ ಬರುತ್ತದೆ. ಮರೆತರೆ ಎರಡು ಹೊಲಿಗೆಗೆ ಎರಡು ಇಂಚು ಸೊಂಟ ಕರಗಿ ಹೋಗುತ್ತದೆ.

ಒಂದೇ ತುಂಡಿನ ವೃತ್ತ ಕತ್ತರಿಸಿ ಜಿಪ್‌ಗೋಸ್ಕರ ಸುಮ್ನೆ ಸೀಳುವವರು 28ರ ಬದಲು 29ಕ್ಕೆ ರೇಡಿಯಸ್ ತೆಗೆಯಿರಿ.

ನಮ್ಮ ಟೈಲರ್ ಸೊಂಟವನ್ನು 6ರಿಂದ ಭಾಗಿಸುತ್ತಾರೆ. ಅದು ತಪ್ಪಾ?

ತಪ್ಪು ಅನ್ನಲ್ಲ, ಅದು ಅಂದಾಜು. 28 ಭಾಗಿಸು 6 ಅಂದರೆ 4.67, ಅದರ ಸುತ್ತಳತೆ 29.3. ಒಂದೇಕಾಲು ಇಂಚು ಜಾಸ್ತಿ. ಅದು ಜಿಪ್ ಮಾರ್ಜಿನ್ನಿಗೆ ಹೋಗಿಬಿಡುತ್ತದೆ, ಹಾಗಾಗಿ ಕೈ ಪಳಗಿದವರಿಗೆ ಸರಿಯಾಗಿಯೇ ಕೂರುತ್ತದೆ. ಆದರೆ ಅವರು ಮಾರ್ಜಿನ್ ಎಲ್ಲಿ ಕಳೆಯುತ್ತಾರೆ ಅನ್ನುವುದನ್ನು ನೋಡದೆ ಆರನ್ನು ಮಾತ್ರ ಎತ್ತಿಕೊಂಡು ಬಂದರೆ ಕಷ್ಟ. ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ, 6.28 ಒತ್ತಿ.

ಕಾಲು ಇಂಚು ಹೆಚ್ಚು ಕಡಿಮೆ ಆದರೆ ಏನಾಯ್ತು?

ಫುಲ್ ಸರ್ಕಲ್‌ನಲ್ಲಿ ತುಂಬಾ ಆಗುತ್ತದೆ. ರೇಡಿಯಸ್ ಕಾಲು ಇಂಚು ತಪ್ಪಿದರೆ ಸೊಂಟ ಒಂದೂವರೆ ಇಂಚು ತಪ್ಪುತ್ತದೆ. ಹಾಫ್‌ನಲ್ಲಿ ಅದೇ ತಪ್ಪಿಗೆ ಮುಕ್ಕಾಲು ಇಂಚು. ಇದಕ್ಕೇ ಮೊದಲ ಸಲ ಹೊಲಿಯುವವರು ಹಾಫ್ ಸರ್ಕಲ್‌ನಿಂದ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಅದು ಕ್ಷಮಿಸುತ್ತದೆ.

ಕತ್ತರಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಬಟ್ಟೆ ನಾಲ್ಕು ಮಡಿಕೆಯಲ್ಲಿದ್ದರೆ ಎದುರಿಗೆ ಕಾಣುವುದು ಕಾಲು ವೃತ್ತ, ಅದರ ಹೊಲಿಗೆ ಗೆರೆ 28ರ ಕಾಲು ಭಾಗ, ಅಂದರೆ 7 ಇಂಚು ಇರಬೇಕು. ಟೇಪನ್ನು ಚಪ್ಪಟೆ ಮಲಗಿಸಿದರೆ ಅದು ಕಮಾನಿನ ಮೇಲೆ ಬಗ್ಗಲ್ಲ, ಸುಕ್ಕಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಗೆರೆಯ ಗುಂಟ ಹಾವಿನ ಹಾಗೆ ಓಡಿಸಿ. ಆಗ ಏಳು ಬಂದರೆ ಕತ್ತರಿಸಿ, ಏಳೂಕಾಲು ಬಂದರೆ ಕೇಂದ್ರ ಜಾರಿದೆ ಅಂತ ಅರ್ಥ.

ಗೆರೆ ಗುಂಡಗೆ ಎಳೆಯೋದು ಹೇಗೆ? ದಾರಕ್ಕೆ ಚಾಕ್ ಕಟ್ಟಿ ತಿರುಗಿಸಬಹುದಾ?

ದಾರ ಎಳೆದಷ್ಟೂ ಉದ್ದ ಆಗುತ್ತದೆ, ಚಾಕ್ ವಾಲುತ್ತದೆ. ಬಾಟಮ್ ಗೆರೆಗೆ ನಡೆಯುತ್ತೆ, ಸೊಂಟಕ್ಕೆ ಬೇಡ. ಟೇಪಿನ ಶುರುವಿನ ತುದಿಯನ್ನು ಕೇಂದ್ರದ ಮೇಲೆ ಒಂದು ಬೆರಳಲ್ಲಿ ಒತ್ತಿ ಹಿಡಿದು, ಪ್ರತಿ ಒಂದು ಇಂಚಿಗೆ ಚುಕ್ಕಿ ಇಡುತ್ತಾ ಹೋಗಿ, ಆಮೇಲೆ ಚುಕ್ಕಿ ಸೇರಿಸಿ. ಬಾಟಮ್‌ಗೆ ಎರಡು ಮೂರು ಇಂಚಿಗೊಂದು ಚುಕ್ಕಿ ಸಾಕು. ಸೊಂಟದ ಕಮಾನನ್ನು ಪೇಪರಿನಲ್ಲಿ ಒಮ್ಮೆ ಕತ್ತರಿಸಿ ಇಟ್ಟುಕೊಂಡರೆ ಆಮೇಲೆ ಎಷ್ಟು ಸ್ಕರ್ಟ್ ಹೊಲಿದರೂ ಅದೇ ಸಾಕು.

ಬಟ್ಟೆ ಎಷ್ಟು ತರಬೇಕು? ಘೇರ್ ಎಷ್ಟು ಬರುತ್ತೆ?

ಕೇಂದ್ರದಿಂದ ಬಾಟಮ್ ತುದಿಯವರೆಗೆ ಲೆಕ್ಕ ಹಾಕಿ. ರೇಡಿಯಸ್ 4.46, ಉದ್ದ 26, ಮಡಚಲು ಮತ್ತು ಸರಿಮಾಡಲು ಒಂದು ಇಂಚು. ಒಟ್ಟು ಸುಮಾರು 31.5. ಒಂದು ಅರ್ಧ ವೃತ್ತಕ್ಕೆ ಪನ್ನಾದಲ್ಲಿ 32 ಇಂಚು, ಉದ್ದಕ್ಕೆ 63 ಇಂಚು. ಎರಡಕ್ಕೆ 126 ಇಂಚು, ಅಂದರೆ 3.2 ಮೀಟರ್. ಬೆಲ್ಟು ಪಕ್ಕದಲ್ಲಿ ಉಳಿದ ಪಟ್ಟಿಯಲ್ಲೇ ಬರುತ್ತದೆ. ಒಂದು ಅರ್ಧ ವೃತ್ತವನ್ನು ಬಲ ಅಂಚಿಗೆ, ಇನ್ನೊಂದನ್ನು ಎಡ ಅಂಚಿಗೆ ತಿರುಗಿಸಿ ಒಂದರ ಮೂಲೆಗೆ ಇನ್ನೊಂದನ್ನು ತೂರಿಸಿದರೆ 2.8 ಮೀಟರಿನಲ್ಲೇ ಮುಗಿಸಬಹುದು. ಆದರೆ ಒಂದೇ ದಿಕ್ಕಿನ ಪ್ರಿಂಟ್ ಇದ್ದರೆ ಹಿಂದಿನ ಹೂವು ತಲೆಕೆಳಗಾಗುತ್ತದೆ. ರೇಯಾನ್ ನೀರಿಗೆ ಬಿದ್ದರೆ ಕುಗ್ಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ತಂದು, ಒಗೆದು, ಇಸ್ತ್ರಿ ಮಾಡಿಯೇ ಕತ್ತರಿಸಿ.

ಅದೇ ಅಳತೆಯ ಹಾಫ್ ಸರ್ಕಲ್‌ಗೆ 2 ಮೀಟರ್ ಸಾಕು.

ಘೇರ್ ಲೆಕ್ಕ ಸುಲಭ. ಫುಲ್ ಸರ್ಕಲ್‌ನಲ್ಲಿ ಉದ್ದ ಒಂದು ಇಂಚು ಹೆಚ್ಚಾದಾಗ ಘೇರ್ 6.28 ಇಂಚು ಹೆಚ್ಚುತ್ತದೆ. ಸೊಂಟದ 28ಕ್ಕೆ 26 ಇಂಚಿನ ಉದ್ದ ಸೇರಿ 191 ಇಂಚು, ಹತ್ತಿರ ಹತ್ತಿರ ಐದು ಮೀಟರ್. ಹಾಫ್‌ನಲ್ಲಿ 110. ಬಾರ್ಡರ್ ಅಥವಾ ಲೇಸ್ ಕೊಳ್ಳುವವರು ಈ ಸಂಖ್ಯೆ ಬರೆದುಕೊಂಡು ಅಂಗಡಿಗೆ ಹೋಗಿ.

ಕ್ವಾರ್ಟರ್ ಸರ್ಕಲ್ ಹಿಪ್ ಹತ್ತಿರ ಬಿಗಿ ಆಗುತ್ತಾ?

ನಮ್ಮ ಅಳತೆಗೆ ಸ್ವಲ್ಪದರಲ್ಲಿ ಪಾರು. ಸೊಂಟದಿಂದ 8 ಇಂಚು ಕೆಳಗೆ ಹಿಪ್ ಅಂದುಕೊಂಡರೆ ಅಲ್ಲಿ ಕ್ವಾರ್ಟರ್ ಸ್ಕರ್ಟಿನ ಸುತ್ತಳತೆ 40.6, ಹಿಪ್ 38. ಎರಡೂವರೆ ಇಂಚು ಲೂಸ್. ಹಾಫ್‌ನಲ್ಲಿ 53, ಫುಲ್‌ನಲ್ಲಿ 78, ಅಲ್ಲಿ ಯೋಚನೆಯೇ ಬೇಡ.

ಎಲಾಸ್ಟಿಕ್ ಹಾಕುವುದಾದರೆ?

ಆಗ ಸೊಂಟ ಮರೆತುಬಿಡಿ, ಹಿಪ್ ಅಳತೆಗೆ ರೇಡಿಯಸ್ ತೆಗೆಯಿರಿ, ಯಾಕೆಂದರೆ ಜಿಪ್ ಇಲ್ಲದ ತೂತು ಹಿಪ್ ದಾಟಿ ಮೇಲೆ ಬರಬೇಕು. 38ಕ್ಕೆ ಒಂದು ಸೇರಿಸಿ 39, ರೇಡಿಯಸ್ 6.2. ಸೊಂಟದಲ್ಲಿ ನೆರಿಗೆ ಬಂದು ಸ್ವಲ್ಪ ದಪ್ಪ ಕಾಣುತ್ತದೆ. ಮಕ್ಕಳ ಸ್ಕರ್ಟಿಗೆ ಇದೇ ಸರಿ.

ಕತ್ತರಿಸಿದಾಗ ಗುಂಡಗಿತ್ತು, ಹಾಕಿಕೊಂಡರೆ ಬಾಟಮ್ ಏರುಪೇರು. ಯಾಕೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನಿಮ್ಮ ಕತ್ತರಿಯ ತಪ್ಪು ಆಗಿರಬೇಕು ಅಂತಿಲ್ಲ.

ಬಟ್ಟೆಯಲ್ಲಿ ನೂಲು ಎರಡೇ ದಿಕ್ಕಿನಲ್ಲಿ ಓಡುತ್ತದೆ, ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಒಂದು ಕರ್ಚೀಫನ್ನು ಎದುರುಬದುರು ಬದಿ ಹಿಡಿದು ನೂಲಿನ ಗುಂಟ ಎಳೆಯಿರಿ, ಅದು ಬಗ್ಗಲ್ಲ. ಈಗ ಎದುರುಬದುರು ಮೂಲೆ ಹಿಡಿದು ಎಳೆಯಿರಿ, ಉದ್ದ ಆಗುತ್ತದೆ, ಅಗಲ ಕಡಿಮೆ ಆಗುತ್ತದೆ. ನೂಲು ಹಿಗ್ಗಿದ್ದಲ್ಲ, ಚೌಕ ಚೌಕ ಹೆಣೆದದ್ದು ವಾಲಿ ಹೋಯ್ತು. ಟೈಲರ್‌ಗಳು ಕ್ರಾಸ್ ಅನ್ನುವುದು ಇದನ್ನೇ.

ವೃತ್ತದ ಸ್ಕರ್ಟಿನಲ್ಲಿ ಎಲ್ಲ ದಿಕ್ಕೂ ಇರುತ್ತದೆ. ಒಂದು ಕಡೆ ಬಟ್ಟೆ ನೂಲಿನ ನೇರಕ್ಕೆ ತೂಗುತ್ತದೆ, ಅಲ್ಲಿ ಉದ್ದ ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ ಕ್ರಾಸಿನಲ್ಲಿ ತೂಗುತ್ತದೆ, ಅಲ್ಲಿ ಬಟ್ಟೆಯ ತೂಕವೇ ಅದನ್ನು ಕೆಳಗೆ ಎಳೆಯುತ್ತದೆ. ಒಟ್ಟಾರೆ, ಒಂದೇ ಉದ್ದಕ್ಕೆ ಕತ್ತರಿಸಿದ್ದು ನೇತು ಹಾಕಿದಾಗ ಒಂದೇ ಉದ್ದ ಇರಲ್ಲ.

ಯಾವ ಜಾಗದಲ್ಲಿ ಜೋಲುತ್ತೆ ಅಂತ ಮೊದಲೇ ಹೇಳಬಹುದಾ?

ಖಂಡಿತ. ಎಲ್ಲಿ ಜೋತಿದೆ ಅಂತ ನೋಡಿದರೆ ಅದು ಬಟ್ಟೆಯ ಗುಣವಾ ನಿಮ್ಮ ಕತ್ತರಿಯ ತಪ್ಪಾ ಅನ್ನುವುದೂ ಗೊತ್ತಾಗುತ್ತದೆ.

ನಮ್ಮ ಫುಲ್ ಸರ್ಕಲ್‌ನಲ್ಲಿ ಎರಡು ಅರ್ಧ ವೃತ್ತ ಇದೆ, ಸೈಡ್ ಹೊಲಿಗೆ ಹಾಸಿನ ನೇರಕ್ಕೆ, ಮುಂದಿನ ಮತ್ತು ಹಿಂದಿನ ನಡು ಹೊಕ್ಕಿನ ನೇರಕ್ಕೆ. ಈ ನಾಲ್ಕೂ ಜಾಗ ಅಲ್ಲಾಡಲ್ಲ. ಇವುಗಳ ಮಧ್ಯದ ನಾಲ್ಕು ಮೂಲೆ, ಅಂದರೆ ಎರಡೂ ತೊಡೆಯ ಮುಂದೆ ಮತ್ತು ಹಿಂದೆ, ಜೋಲುತ್ತದೆ. ಹಾಗೆ ನಾಲ್ಕು ಕಡೆ ಸಮನಾಗಿ ಇಳಿದಿದ್ದರೆ ಅದು ಕ್ರಾಸಿನ ಕೆಲಸ. ಒಂದೇ ಕಡೆ ಇಳಿದಿದ್ದರೆ, ಅಥವಾ ಸೈಡ್ ಹೊಲಿಗೆಯ ಹತ್ತಿರ ಇಳಿದಿದ್ದರೆ, ಗೆರೆ ಎಳೆಯುವಾಗ ಕೇಂದ್ರ ಸರಿದಿದೆ ಅಥವಾ ಬೆಲ್ಟು ವಾರೆ ಕೂತಿದೆ.

ಒಂದೇ ತುಂಡಿನ ಹಾಫ್ ಸರ್ಕಲ್, ಹೊಲಿಗೆ ಹಿಂದೆ ಇದ್ದರೆ ಕ್ರಾಸ್ ಬರುವುದು ಎರಡು ಸೈಡಿನಲ್ಲಿ, ಹಾಗಾಗಿ ಸೈಡೇ ಇಳಿಯುತ್ತದೆ. ಅದೇ ಹಾಫ್ ಸರ್ಕಲ್ ಅನ್ನು ಎರಡು ಕಾಲು ವೃತ್ತದಲ್ಲಿ ಮಾಡಿ ಸೈಡ್ ಹೊಲಿಗೆ ಹಾಕಿದರೆ ಮುಂದೆ ನಡುವಿನಲ್ಲಿ ಮತ್ತು ಹಿಂದೆ ನಡುವಿನಲ್ಲಿ ಇಳಿಯುತ್ತದೆ. ನನಗೆ ಮೊದಲನೆಯದೇ ಇಷ್ಟ, ಮುಂದೆ ಇಳಿದದ್ದು ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ.

ಎಷ್ಟು ಇಳಿಯುತ್ತೆ?

ಬಟ್ಟೆ ನೋಡಿ ಹೇಳಬೇಕು. ಗಟ್ಟಿಯಾಗಿ ನೇಯ್ದ ಕಾಟನ್ ಪಾಪ್ಲಿನ್ ಅಷ್ಟೇನೂ ಇಳಿಯಲ್ಲ. ರೇಯಾನ್, ಕ್ರೇಪ್, ಜಾರ್ಜೆಟ್ ಒಂದೆರಡು ಇಂಚು ಇಳಿದರೆ ಆಶ್ಚರ್ಯ ಇಲ್ಲ. ಸ್ಕರ್ಟ್ ಉದ್ದ ಆದಷ್ಟೂ ತೂಕ ಜಾಸ್ತಿ, ಇಳಿತವೂ ಜಾಸ್ತಿ. ಅಂಗಡಿಯಲ್ಲೇ ಮೂಲೆ ಹಿಡಿದು ಕ್ರಾಸಿಗೆ ಎಳೆದು ನೋಡಿ, ಅಲ್ಲಿ ಸುಲಭವಾಗಿ ಹಿಗ್ಗಿದ್ದು ಮೈಮೇಲೂ ಹಿಗ್ಗುತ್ತದೆ.

ಹೇಗೂ ಇಳಿಯುತ್ತಲ್ಲ, ಎರಡು ಇಂಚು ಗಿಡ್ಡ ಕತ್ತರಿಸಿದರೆ?

ಬೇಡ! ಇಳಿಯುವುದು ಕ್ರಾಸ್ ಜಾಗ ಮಾತ್ರ. ನೂಲಿನ ನೇರ ಇರುವ ಕಡೆ ಗಿಡ್ಡ ಕತ್ತರಿಸಿದ್ದು ಗಿಡ್ಡವಾಗಿಯೇ ಉಳಿಯುತ್ತದೆ, ಆಮೇಲೆ ಉಳಿದದ್ದನ್ನೂ ಅದರ ಮಟ್ಟಕ್ಕೆ ಕತ್ತರಿಸಬೇಕಾಗುತ್ತದೆ. ಪೂರ್ತಿ ಉದ್ದಕ್ಕೇ ಕತ್ತರಿಸಿ, ಇಳಿದ ಮೇಲೆ ಹೆಚ್ಚಾದದ್ದನ್ನು ತೆಗೆಯಿರಿ.

ಸೊಂಟವೂ ಹಿಗ್ಗುತ್ತಲ್ವಾ?

ಹೌದು, ಅಲ್ಲೂ ಅದೇ ನಾಲ್ಕು ಕ್ರಾಸ್ ಜಾಗ ಇದೆ. ಕತ್ತರಿಸಿದ ತಕ್ಷಣ, ಸ್ಕರ್ಟನ್ನು ಎತ್ತಿ ಆಡಿಸುವ ಮೊದಲೇ, ಹೊಲಿಗೆ ಗೆರೆಯಿಂದ ಒಂದು ನೂಲಿನಷ್ಟು ಮಾರ್ಜಿನ್ ಕಡೆಗೆ ಸುತ್ತಲೂ ಒಂದು ಮಷೀನ್ ಹೊಲಿಗೆ ಓಡಿಸಿ. ಎಳೆಯಬೇಡಿ, ಬಟ್ಟೆ ತಾನಾಗಿ ಹೋಗಲಿ. ಇದನ್ನು ಬಿಟ್ಟು ಸ್ಕರ್ಟನ್ನು ಕುರ್ಚಿಯ ಮೇಲೆ ರಾತ್ರಿಯಿಡೀ ಹಾಕಿಟ್ಟರೆ ಬೆಳಿಗ್ಗೆ 28 ಇಂಚಿನ ಬೆಲ್ಟಿಗೆ 30 ಇಂಚಿನ ಸೊಂಟ ಕೂರಿಸುವ ಪಾಡು.

ಎಷ್ಟು ಹೊತ್ತು ನೇತು ಹಾಕಬೇಕು, ಹೇಗೆ?

ಸೈಡ್ ಹೊಲಿಗೆ, ಜಿಪ್, ಬೆಲ್ಟ್ ಎಲ್ಲ ಮುಗಿಸಿ, ಬಾಟಮ್ ಒಂದನ್ನು ಬಿಟ್ಟು. ಬೆಲ್ಟ್ ಇಲ್ಲದೆ ನೇತು ಹಾಕಿದರೆ ಸೊಂಟ ಹಿಗ್ಗಿ ಲೆಕ್ಕವೇ ಕೆಡುತ್ತದೆ. ಬೆಲ್ಟನ್ನು ಸುತ್ತಲೂ ಸಮನಾಗಿ ಹಿಡಿಯುವ ಡಮ್ಮಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹ್ಯಾಂಗರಿಗೆ ನಾಲ್ಕಾರು ಕ್ಲಿಪ್ ಹಾಕಿ, ಎರಡೇ ಕ್ಲಿಪ್ಪಿನಲ್ಲಿ ತೂಗಿಸಿದರೆ ನಡು ಜೋತು ಸುಳ್ಳು ಇಳಿತ ತೋರಿಸುತ್ತದೆ. ಕಾಟನ್‌ಗೆ ಒಂದು ರಾತ್ರಿ, ರೇಯಾನ್ ಮತ್ತು ಜಾರ್ಜೆಟ್‌ಗೆ ಎರಡು ದಿನ ಕೊಡಿ.

ನಾಳೆಯೇ ಮದುವೆ, ಟೈಮಿಲ್ಲ ಅನ್ನುವವರು ಕ್ರಾಸ್ ಜಾಗದಲ್ಲಿ ಬಾಟಮ್‌ಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ತೂಕ ಕೊಡುತ್ತಾರೆ. ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಬಟ್ಟೆಯ ತೂಕಕ್ಕಿಂತ ಜಾಸ್ತಿ ಎಳೆದರೆ ಆಮೇಲೆ ಅಲ್ಲೇ ಗಿಡ್ಡ ಆಗುವ ಅಪಾಯ ಇದೆ. ನಾನಾದರೆ ಮಾಡಲ್ಲ.

ಬಾಟಮ್ ಸರಿ ಮಾಡೋದು ಹೇಗೆ?

ಸೊಂಟದಿಂದ ಕೆಳಕ್ಕೆ ಅಳೆಯಬೇಡಿ, ನೆಲದಿಂದ ಮೇಲಕ್ಕೆ ಅಳೆಯಿರಿ. ಹೊಟ್ಟೆ, ಹಿಂಭಾಗ ಎಲ್ಲರಿಗೂ ಬೇರೆ, ಅವು ಸ್ಕರ್ಟನ್ನು ಎತ್ತುತ್ತವೆ. ನೆಲ ಮಾತ್ರ ಸಮ.

ಸ್ಕರ್ಟ್ ಹಾಕಿಕೊಂಡವರು ಅದರ ಜೊತೆ ಹಾಕುವ ಚಪ್ಪಲಿ ಹಾಕಿ ನೇರ ನಿಲ್ಲಲಿ. ಬಗ್ಗಿ ನೋಡಬಾರದು, ಬಗ್ಗಿದರೆ ಹಿಂದೆ ಏರುತ್ತದೆ. ಇನ್ನೊಬ್ಬರು ಒಂದು ಉದ್ದದ ಸ್ಕೇಲನ್ನು ನೆಲಕ್ಕೆ ನಿಲ್ಲಿಸಿ ಸುತ್ತ ಬರಬೇಕು, ಮೊದಲ ಸುತ್ತಿನಲ್ಲಿ ಗುರುತು ಹಾಕದೆ ಎಲ್ಲಿ ಅಂಚು ಅತಿ ಎತ್ತರದಲ್ಲಿದೆ ಅಂತ ಮಾತ್ರ ಹುಡುಕಲಿ. ನಮ್ಮ ಸ್ಕರ್ಟಿನಲ್ಲಿ ಅದು ಹೊಕ್ಕಿನ ಅಥವಾ ಹಾಸಿನ ನೇರ ಇರುವ ಜಾಗ, ನೆಲದಿಂದ 14 ಇಂಚು ಅಂದುಕೊಳ್ಳಿ. ಕ್ರಾಸ್ ಜಾಗ 12.5ರಲ್ಲಿ ತೂಗುತ್ತಿದೆ. ಈಗ ಎರಡನೇ ಸುತ್ತಿನಲ್ಲಿ ಮೂರು ನಾಲ್ಕು ಇಂಚಿಗೊಂದರಂತೆ ಎಲ್ಲೆಡೆ 14ಕ್ಕೇ ಚಾಕ್ ಅಥವಾ ಪಿನ್ ಹಾಕಿ. ಬಿಚ್ಚಿ ಟೇಬಲ್ ಮೇಲೆ ಹರಡಿದಾಗ ಚುಕ್ಕಿಗಳು ಗುಂಡಗೆ ಕಾಣಲ್ಲ, ಕ್ರಾಸ್ ಕಡೆ ಒಂದೂವರೆ ಇಂಚು ಒಳಗೆ ಬಂದಿರುತ್ತವೆ. ಹಾಗೇ ಇರಬೇಕು. ಚುಕ್ಕಿಗಳನ್ನು ನಯವಾಗಿ ಸೇರಿಸಿ ಕತ್ತರಿಸಿ, ಮತ್ತೆ ವೃತ್ತ ಮಾಡಲು ಹೋಗಬೇಡಿ.

ಒಬ್ಬರೇ ಇದ್ದರೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ, ಎರಡೂ ಕಡೆ ನೆಲದಿಂದ ಅಷ್ಟೇ ಎತ್ತರಕ್ಕೆ ಒಂದು ದಾರ ಬಿಗಿಯಾಗಿ ಕಟ್ಟಿ ಚಾಕ್ ಸವರಿ, ಸ್ಕರ್ಟ್ ದಾರಕ್ಕೆ ತಾಗುವ ಹಾಗೆ ನಿಧಾನಕ್ಕೆ ತಿರುಗಿ. ಗೆರೆ ತಾನಾಗಿ ಬೀಳುತ್ತದೆ.

ಬಾಟಮ್ ಫೋಲ್ಡಿಂಗ್ ಸುಕ್ಕು ಬರುತ್ತೆ, ಏನು ಮಾಡಲಿ?

ಅಗಲ ಮಡಚಿದ್ದೀರಿ. ಒಂದು ಇಂಚು ಮಡಚಿದರೆ ಹೊರಗಿನ ಅಂಚು ಎರಡು ಇಂಚು ಒಳಗೆ ಬಂದು ಕೂರಬೇಕು, ಅಲ್ಲಿ ಸುತ್ತಳತೆ 12.5 ಇಂಚು ಕಡಿಮೆ. ಆ ಹೆಚ್ಚುವರಿ ಬಟ್ಟೆ ಎಲ್ಲಿ ಹೋಗಬೇಕು? ಸುಕ್ಕಾಗುತ್ತದೆ. ಕಾಲು ಇಂಚು ಮಡಚಿದರೆ ವ್ಯತ್ಯಾಸ ಮೂರು ಇಂಚು, ಐದು ಮೀಟರ್ ಸುತ್ತಿನಲ್ಲಿ ಅದು ಕರಗಿ ಹೋಗುತ್ತದೆ. ತೆಳು ಬಟ್ಟೆಗೆ ಪಿಕೋ ಮಾಡಿಸಿ. ಅಗಲ ಅಂಚೇ ಬೇಕು ಅಂದರೆ ಬೇರೆ ಕ್ರಾಸ್ ಪಟ್ಟಿ ಹಚ್ಚಿ ಒಳಗೆ ತಿರುಗಿಸಿ, ಅದು ಕಮಾನಿಗೆ ಬಗ್ಗುತ್ತದೆ.

ಕಾಲಿನವರೆಗೆ ಉದ್ದ ಬೇಕು, 44 ಪನ್ನಾ ಸಾಲಲ್ಲ. ಏನು ದಾರಿ?

40 ಇಂಚು ಉದ್ದಕ್ಕೆ ಕೇಂದ್ರದಿಂದ ಅಂಚಿಗೆ 45.5 ಬೇಕು, ಪನ್ನಾ ಮೀರಿತು. ಎಂಟು ಪ್ಯಾನೆಲ್ ಮಾಡಿ. ವೃತ್ತದ ಎಂಟನೇ ಒಂದು ಭಾಗವನ್ನು ಅದರ ನಡುಗೆರೆ ಹಾಸಿನ ನೇರಕ್ಕೆ ಬರುವಂತೆ ಇಟ್ಟರೆ ಅಗಲ ಸುಮಾರು 35 ಇಂಚೇ ಆಗುತ್ತದೆ, ಮಾರ್ಜಿನ್ ಸೇರಿದರೂ ಹಿಡಿಯುತ್ತದೆ. ಬಟ್ಟೆ ಜಾಸ್ತಿ ಬೇಕು, ಹೊಲಿಗೆಯೂ ಜಾಸ್ತಿ. ಆದರೆ ಯಾವ ಪ್ಯಾನೆಲ್ಲಿನಲ್ಲೂ ಪೂರ್ತಿ ಕ್ರಾಸ್ ಬರಲ್ಲ, ಅದಕ್ಕೆ ಬಾಟಮ್ ಇಳಿಯುವುದು ತುಂಬಾ ಕಡಿಮೆ. ಜಾರ್ಜೆಟ್ ಲೆಹೆಂಗಾಕ್ಕೆ ನಾನು ಇದನ್ನೇ ಹೇಳುವುದು.

ಹೊಲಿದು ಮುಗಿದ ಮೇಲೂ ಇಳಿಯುತ್ತಾ?

ಸ್ವಲ್ಪ ಸ್ವಲ್ಪ ಇಳಿಯಬಹುದು, ಅದರಲ್ಲೂ ಒದ್ದೆ ಸ್ಕರ್ಟನ್ನು ಸೊಂಟ ಹಿಡಿದು ತಂತಿಗೆ ನೇತು ಹಾಕಿದರೆ. ನೀರಿನ ತೂಕ ಸೇರಿದಾಗ ಕ್ರಾಸ್ ಇನ್ನೂ ಹಿಗ್ಗುತ್ತದೆ. ನಡುವಿಗೆ ಮಡಚಿ ತಂತಿಯ ಮೇಲೆ ಹಾಕಿ ಒಣಗಿಸಿ, ಬೀರುವಿನಲ್ಲಿ ಹ್ಯಾಂಗರಿಗೆ ಹಾಕದೆ ಮಡಚಿಡಿ. ಲೈನಿಂಗ್ ಹಾಕಿದ್ದರೆ ಅದನ್ನೂ ಬೇರೆಯಾಗಿ ಇಳಿಯಲು ಬಿಟ್ಟು, ಮೇಲಿನ ಬಟ್ಟೆಗಿಂತ ಒಂದು ಇಂಚು ಗಿಡ್ಡಕ್ಕೆ ಮಡಚಿ.